ಮರಳಿ ಬರುವ ಚಳಿಜ್ವರ

ಮಲೇರಿಯಾದಿಂದ ಗುಣಹೊಂದಿದ ರೋಗಿಗೆ ಕೆಲವು ತಿಂಗಳುಗಳ ತರುವಾಯ, ಸೋಂಕಿನ ಸೊಳ್ಳೆ ಮತ್ತೆ ಕಚ್ಚದಿದ್ದರೂ, ಅದೇ ನಡುಕ, ಅದೇ ಜ್ವರ, ಅದೇ ಬೆವರು ಮರುಕಳಿಸುವುದುಂಟು. ಹಾಗಾದರೆ ರೋಗಾಣುಗಳು ಅಷ್ಟು ದಿನ ಎಲ್ಲಿ ಅಡಗಿದ್ದವು? ಪ್ಲಾಸ್ಮೋಡಿಯಮ್ ವೈವಾಕ್ಸ್ ಎಂಬ ಏಕಕೋಶಜೀವಿಯ ಜೀವನಚಕ್ರವನ್ನು ನಾವು ಅನುಸರಿಸಿದರೆ ಉತ್ತರ ದೊರೆಯುತ್ತದೆ.

ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚಿದಾಗ ಅದರ ಜೊಲ್ಲಿನೊಡನೆ ಎಳೆಯಂತಹ ಸೂಕ್ಷ್ಮ ಬೀಜಾಣುಗಳು ನಮ್ಮ ದೇಹವನ್ನು ಸೇರುತ್ತವೆ. ಅವು ರಕ್ತದಲ್ಲಿ ನಿಲ್ಲದೆ ಪಿತ್ತಜನಕಾಂಗದ ಕೋಶಗಳನ್ನು ಹೊಗುತ್ತವೆ. ಅಲ್ಲಿ ಸುಮಾರು 8 ದಿನಗಳಲ್ಲಿ ಒಂದೊಂದು ಬೀಜಾಣುವೂ ಒಡೆದು ಸಾವಿರಾರು ಮರಿಗಳಾಗುತ್ತದೆ. ಆಗ ರೋಗಿಗೆ ಜ್ವರವಿಲ್ಲ. ರಕ್ತಪರೀಕ್ಷೆಯಲ್ಲಿಯೂ ಏನೂ ಕಾಣದು. ಈ ಗುಪ್ತ ಘಟ್ಟವನ್ನು ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ ಎಂಬ ವಿಜ್ಞಾನಿಗಳು 1948ರಲ್ಲಿ ಕಂಡುಹಿಡಿದರು. ಕೆಲವು ಬೀಜಾಣುಗಳಾದರೋ ಬೆಳೆಯದೆ ಅಲ್ಲಿಯೇ ನಿದ್ರಿಸುತ್ತವೆ. ನಮ್ಮ ಒಗಟಿನ ಮೂಲ ಇವೇ.

ಪಿತ್ತಜನಕಾಂಗದಿಂದ ಹೊರಬಿದ್ದ ಮರಿಗಳು ಕೆಂಪು ರಕ್ತಕಣಗಳನ್ನು ಹೊಕ್ಕು ಅಲ್ಲಿಯ ಹೀಮೋಗ್ಲೋಬಿನ್ನನ್ನು ತಿಂದು ಬೆಳೆಯುತ್ತವೆ. ಜೀರ್ಣವಾಗದ ಭಾಗ ಕಪ್ಪು ಕಣಗಳಾಗಿ ಉಳಿಯುತ್ತದೆ. ಸುಮಾರು 48 ಗಂಟೆಗಳಲ್ಲಿ ಪ್ರತಿಯೊಂದೂ 12ರಿಂದ 24 ಮರಿಗಳಾಗಿ ಒಡೆದು, ರಕ್ತಕಣವನ್ನು ಸೀಳಿಕೊಂಡು ಹೊರಬರುತ್ತದೆ. ಅಸಂಖ್ಯ ಕಣಗಳು ಏಕಕಾಲದಲ್ಲಿ ಹೀಗೆ ಸೀಳಿದಾಗ ಚಳಿಜ್ವರ ಬರುತ್ತದೆ. ಜ್ವರವು ದಿನ ಬಿಟ್ಟು ದಿನ ಬರುವುದಕ್ಕೆ ಇದೇ ಕಾರಣ.

ಕೆಲವು ಮರಿಗಳು ಗಂಡು, ಹೆಣ್ಣು ರೂಪಗಳನ್ನು ತಾಳುತ್ತವೆ. ಆದರೆ ನಮ್ಮ ರಕ್ತದಲ್ಲಿ ಅವು ಕೂಡಲಾರವು. ಸೊಳ್ಳೆಯ ಹೊಟ್ಟೆಯನ್ನು ಸೇರಿ, ಅಲ್ಲಿಯ ತಂಪು ತಗಲಿದಾಗ, ಕಾಲು ಗಂಟೆಯೊಳಗಾಗಿ ಗಂಡುರೂಪವು ಚಾಟಿಯಂತಹ ಎಳೆಗಳನ್ನು ಹೊರಚಾಚುತ್ತದೆ. ಅವುಗಳಲ್ಲೊಂದು ಹೆಣ್ಣುರೂಪದೊಡನೆ ಕೂಡಿದರೆ ಹುಟ್ಟುವ ಜೀವಿಯು ತೆವಳುತ್ತ ಹೋಗಿ, ಜಠರದ ಗೋಡೆಯನ್ನು ಕೊರೆದು, ಅದರ ಹೊರಮೈಯಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡುದು ಈ ಗುಳ್ಳೆಗಳನ್ನೇ. ರೋಗಿಯ ರಕ್ತದಲ್ಲಿರುವಂತಹ ಕಪ್ಪು ಕಣಗಳು ಅವುಗಳೊಳಗೂ ಇದ್ದುದರಿಂದ ಅವನಿಗೆ ಗುರುತು ಸಿಕ್ಕಿತು. ಗುಳ್ಳೆಯೊಡೆದು ಸಾವಿರಾರು ಬೀಜಾಣುಗಳು ಜೊಲ್ಲಿನ ಗ್ರಂಥಿಗಳನ್ನು ಸೇರಲು ಬೆಚ್ಚನೆಯ ಹವೆಯಲ್ಲಿಯೂ ಹತ್ತು ದಿನಗಳಷ್ಟು ಕಾಲ ಬೇಕು. ಅಷ್ಟರಲ್ಲಿ ಸೊಳ್ಳೆ ಸತ್ತರೆ ಚಕ್ರವೇ ಕಡಿದುಹೋಗುತ್ತದೆ.

ಈಗ ಮೊದಲಿನ ರೋಗಿಗೆ ಮರಳೋಣ. ಅವನು ಸೇವಿಸಿದ ಕ್ಲೋರೋಕ್ವಿನ್ ರಕ್ತದಲ್ಲಿದ್ದ ರೋಗಾಣುಗಳನ್ನು ಕೊಂದಿತು. ಪಿತ್ತಜನಕಾಂಗದಲ್ಲಿ ನಿದ್ರಿಸುತ್ತಿದ್ದವನ್ನು ಅದು ಮುಟ್ಟಲಿಲ್ಲ. ಅವು ಎಚ್ಚೆತ್ತಾಗ ಜ್ವರ ಮರಳಿತು. ಅವನ್ನು ನಾಶಪಡಿಸಲು ಪ್ರೈಮಾಕ್ವಿನ್ ಎಂಬ ಬೇರೊಂದು ಔಷಧ ಬೇಕು. ನಮ್ಮ ದೇಶದಲ್ಲಿ ಅದನ್ನು 14 ದಿನ ಕೊಡುತ್ತಾರೆ. ಆದರೆ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಇದು ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲುದು; ಮೂತ್ರ ಕಪ್ಪಾಗುವುದು ಅದರ ಸೂಚನೆ. ಆದುದರಿಂದ ವೈದ್ಯರ ಪರೀಕ್ಷೆಯಿಲ್ಲದೆ ಇದನ್ನು ಸೇವಿಸಬಾರದು. ಜ್ವರ ಬಿಟ್ಟಿತೆಂದು ನಡುವೆ ನಾವಾಗಿಯೇ ನಿಲ್ಲಿಸಲೂ ಬಾರದು.