ರಿಟ್ ಅರ್ಜಿಯಲ್ಲಿ ಹಣದ ಪರಿಹಾರ

ಸರ್ಕಾರಿ ನೌಕರನ ಕಾನೂನುಬಾಹಿರ ಕೃತ್ಯದಿಂದ ನಷ್ಟವಾದವರಿಗೆ ಇರುವ ಹಳೆಯ ದಾರಿ ಸಿವಿಲ್ ದಾವೆ. ಅದರಲ್ಲಿ ನ್ಯಾಯಾಲಯ ಶುಲ್ಕ ಕಟ್ಟಬೇಕು, ಸಾಕ್ಷಿಗಳನ್ನು ಕರೆತರಬೇಕು, ವರ್ಷಗಟ್ಟಲೆ ಕಾಯಬೇಕು. ಇಷ್ಟಾದ ಮೇಲೂ ‘ಸಾರ್ವಭೌಮ ವಿನಾಯಿತಿ’ ಎಂಬ ತತ್ವ ಅಡ್ಡ ಬರಬಹುದು. ಬಂಧನ, ಜಪ್ತಿಯಂಥ ರಾಜ್ಯಾಧಿಕಾರದ ಕೆಲಸಗಳಲ್ಲಿ ನೌಕರ ಮಾಡಿದ ತಪ್ಪಿಗೆ ಸರ್ಕಾರ ಹಣ ಕೊಡಬೇಕಿಲ್ಲ ಎನ್ನುವುದು ಅದರ ತಿರುಳು. ಮೀರತ್‌ನಲ್ಲಿ ಪೊಲೀಸರು ವ್ಯಾಪಾರಿಯೊಬ್ಬರಿಂದ ವಶಪಡಿಸಿಕೊಂಡ ಚಿನ್ನವನ್ನು ಹೆಡ್ ಕಾನ್‌ಸ್ಟೇಬಲ್ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋದ. ಆ ‘ಕಸ್ತೂರಿ ಲಾಲ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತತ್ವವನ್ನೇ ಎತ್ತಿಹಿಡಿದದ್ದರಿಂದ ವ್ಯಾಪಾರಿಗೆ ಏನೂ ದಕ್ಕಲಿಲ್ಲ.

ಇನ್ನೊಂದು ದಾರಿ ರಿಟ್ ಅರ್ಜಿ. ಸಂವಿಧಾನದ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ, 226ನೇ ವಿಧಿಯಡಿ ಆಯಾ ರಾಜ್ಯದ ಹೈಕೋರ್ಟಿಗೆ ಇದನ್ನು ಸಲ್ಲಿಸಬಹುದು. ಆದರೆ ಕಾನೂನುಬಾಹಿರ ಬಂಧನದ ಪ್ರಕರಣಗಳಲ್ಲಿ ರಿಟ್‌ನಿಂದ ಸಿಗುತ್ತಿದ್ದುದು ಸಾಮಾನ್ಯವಾಗಿ ಬಿಡುಗಡೆಯ ಆದೇಶವಷ್ಟೇ. ಈ ಮಿತಿಯನ್ನು ಮುರಿದದ್ದು 1983ರ ‘ರುದುಲ್ ಸಾಹ್’ ತೀರ್ಪು. 1968ರಲ್ಲಿ ಖುಲಾಸೆಯಾಗಿದ್ದ ವ್ಯಕ್ತಿಯನ್ನು ಬಿಹಾರದ ಜೈಲಿನಿಂದ ಹೊರಬಿಟ್ಟದ್ದು 1982ರಲ್ಲಿ. ಹದಿನಾಲ್ಕು ವರ್ಷ ಅಕ್ರಮವಾಗಿ ಕೂಡಿಹಾಕಿದ ಮೇಲೆ ಬರೀ ಬಿಡುಗಡೆಯ ಆದೇಶಕ್ಕೆ ಅರ್ಥವಿಲ್ಲ ಎಂದು ಕಂಡ ನ್ಯಾಯಾಲಯ, ಆಗಲೇ ಕೊಟ್ಟಿದ್ದ 5,000 ರೂಪಾಯಿಯ ಜೊತೆಗೆ 30,000 ರೂಪಾಯಿಯನ್ನು ಮಧ್ಯಂತರ ಪರಿಹಾರವಾಗಿ ಕೊಡಿಸಿತು. ಆದರೆ ಸಾರ್ವಭೌಮ ವಿನಾಯಿತಿಯ ಗತಿಯೇನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅದಕ್ಕೆ ಉತ್ತರ ಸಿಕ್ಕಿದ್ದು 1993ರಲ್ಲಿ, ಒಡಿಶಾದ ‘ನೀಲಾಬತಿ ಬೆಹೆರಾ’ ಪ್ರಕರಣದಲ್ಲಿ. 1987ರ ಡಿಸೆಂಬರ್ 1ರಂದು ಕಳವಿನ ತನಿಖೆಗೆಂದು ಜೆರೈಕೇಲಾ ಹೊರಠಾಣೆಯ ಪೊಲೀಸರು 22 ವರ್ಷದ ಯುವಕನೊಬ್ಬನನ್ನು ಹಿಡಿದೊಯ್ದರು. ಮರುದಿನ ರೈಲು ಹಳಿಯ ಮೇಲೆ ಅವನ ಶವ ಸಿಕ್ಕಿತು. ತಾಯಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದಳು. ನ್ಯಾಯಾಲಯ ಆ ಪತ್ರವನ್ನೇ ರಿಟ್ ಅರ್ಜಿಯೆಂದು ಎತ್ತಿಕೊಂಡಿತು.

ಕಟ್ಟಿದ್ದ ಹಗ್ಗವನ್ನು ಹಲ್ಲಿನಿಂದ ಕಡಿದು ಯುವಕ ರಾತ್ರಿ ತಪ್ಪಿಸಿಕೊಂಡ, ರೈಲಿಗೆ ಸಿಕ್ಕಿ ಸತ್ತ ಎಂದಿತು ಸರ್ಕಾರ. ನ್ಯಾಯಾಲಯ ಜಿಲ್ಲಾ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿತು. ಆತ ಪೊಲೀಸರ ವಶದಲ್ಲಿದ್ದ ಎಂಬುದರಲ್ಲಿ ತಕರಾರು ಇರಲಿಲ್ಲ. ಹಾಗಾಗಿ ಅವನಿಗೆ ಏನಾಯಿತೆಂದು ವಿವರಿಸುವ ಹೊಣೆ ಸರ್ಕಾರದ ಮೇಲೆಯೇ ಬಿತ್ತು. ಓಡಿಹೋದವನನ್ನು ಪೊಲೀಸರು ಹುಡುಕಿದ್ದಕ್ಕೆ ನಂಬಲರ್ಹ ಪುರಾವೆ ಇರಲಿಲ್ಲ. ಗಾಯಗಳು ಲಾಠಿಯಂಥ ಮೊಂಡು ವಸ್ತುವಿನ ಹೊಡೆತದಿಂದ ಆದಂಥವು ಎಂದು ಶವಪರೀಕ್ಷೆ ಮಾಡಿದ ವೈದ್ಯರು ಹೇಳಿದ್ದರು. ಸರ್ಕಾರದ ಕಥೆ ನಿಲ್ಲಲಿಲ್ಲ. ಯುವಕನ ವಯಸ್ಸು ಮತ್ತು ಸಂಪಾದನೆಯನ್ನು ಗಮನಿಸಿ ನ್ಯಾಯಾಲಯ ತಾಯಿಗೆ 1,50,000 ರೂಪಾಯಿ ಕೊಡಿಸಿತು.

ವಿನಾಯಿತಿಯ ಬಗ್ಗೆ ತೀರ್ಪು ಹೇಳಿದ್ದು ಸ್ಪಷ್ಟ. ಸಾರ್ವಭೌಮ ವಿನಾಯಿತಿ ಸಿವಿಲ್ ದಾವೆಯಲ್ಲಿ ಹೂಡಬಹುದಾದ ವಾದ. ಮೂಲಭೂತ ಹಕ್ಕಿನ ಉಲ್ಲಂಘನೆಗೆ ರಿಟ್‌ನಲ್ಲಿ ಕೊಡುವ ಪರಿಹಾರ ಬೇರೆಯೇ ಬಗೆಯದು. ಅಲ್ಲಿ ಆ ವಾದಕ್ಕೆ ಜಾಗವಿಲ್ಲ. ದಾವೆಯಲ್ಲಿ ನೊಂದವರ ನಷ್ಟವನ್ನು ಲೆಕ್ಕಹಾಕಿ ತುಂಬಿಕೊಡುತ್ತಾರೆ. ರಿಟ್‌ನಲ್ಲಿ ಹಣ ಕೊಡಿಸುವುದು ನಾಗರಿಕನ ಹಕ್ಕನ್ನು ಕಾಪಾಡುವ ಕರ್ತವ್ಯದಲ್ಲಿ ರಾಜ್ಯ ತಪ್ಪಿತು ಎಂಬ ಕಾರಣಕ್ಕೆ. ಹಣ ಕೊಡಬೇಕಾದದ್ದು ಸರ್ಕಾರ. ಅದನ್ನು ತಪ್ಪಿತಸ್ಥನಿಂದ ವಸೂಲು ಮಾಡಿಕೊಳ್ಳಲು ಮತ್ತು ಅವನ ಮೇಲೆ ಕ್ರಮ ಜರುಗಿಸಲು ಅದಕ್ಕೆ ಅಡ್ಡಿಯಿಲ್ಲ. ನೊಂದವರು ಹೆಚ್ಚಿನ ಮೊತ್ತಕ್ಕಾಗಿ ದಾವೆಯನ್ನೂ ಹೂಡಬಹುದು. ಅಲ್ಲಿ ಗೆದ್ದರೆ ರಿಟ್‌ನಲ್ಲಿ ಬಂದ ಹಣವನ್ನು ಕಳೆದು ಉಳಿದದ್ದನ್ನು ಕೊಡಲಾಗುತ್ತದೆ.

ಹಾಗೆಂದು ಪ್ರತಿಯೊಂದು ತಪ್ಪು ಬಂಧನಕ್ಕೂ ಈ ಬಾಗಿಲು ತೆರೆಯುವುದಿಲ್ಲ. ಹಕ್ಕಿನ ಉಲ್ಲಂಘನೆ ಕಣ್ಣಿಗೆ ಕಾಣುವಂತೆ, ಅಲ್ಲಗಳೆಯಲಾಗದಂತೆ ಇರಬೇಕು ಎಂದು 2006ರ ‘ಸುಬೆ ಸಿಂಗ್’ ತೀರ್ಪು ಹೇಳಿತು. ಠಾಣೆಯಲ್ಲಿ ಹೊಡೆದರು ಎನ್ನುವವರ ಬಳಿ ವೈದ್ಯಕೀಯ ವರದಿಯೋ ಮೈಮೇಲಿನ ಗಾಯದ ಗುರುತೋ ಇಲ್ಲದಿದ್ದರೆ, ಸುಳ್ಳು ದೂರುಗಳ ಸಾಧ್ಯತೆಯನ್ನೂ ನ್ಯಾಯಾಲಯ ತೂಗಿ ನೋಡುತ್ತದೆ. ರಿಟ್ ಅರ್ಜಿಗಳು ಸಾಮಾನ್ಯವಾಗಿ ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆ ತೀರ್ಮಾನವಾಗುತ್ತವೆ. ಸಾಕ್ಷಿಗಳ ಪಾಟೀಸವಾಲು ಅಪರೂಪ. ಆದ್ದರಿಂದ ಘಟನೆಯೇ ವಿವಾದದಲ್ಲಿದ್ದರೆ ಅರ್ಜಿದಾರರು ಸಿವಿಲ್ ದಾವೆಯ ದಾರಿಯನ್ನೇ ಹಿಡಿಯಬೇಕಾಗುತ್ತದೆ. ಹಳೆಯ ವಿನಾಯಿತಿಯ ವಾದ ಅಲ್ಲಿ ಮತ್ತೆ ಎದುರಾಗಬಹುದು.