ಒಬ್ಬರು ಕೇಳಿದ ಪ್ರಶ್ನೆಗೆ ಎಲ್ಲರಿಗೂ ಉತ್ತರ

ಬೈತಖೋಲದ ಮೀನುಗಾರಿಕೆ ಬಂದರಿನಂಥ ಕಡೆ ಹೂಳೆತ್ತುವ ಕೆಲಸಕ್ಕೆ ಟೆಂಡರ್ ಕರೆದರೆ, ಗುತ್ತಿಗೆದಾರರು ಕಣ್ಣಿಗೆ ಕಾಣದ ಸರಕಿಗೆ ದರ ಹಾಕಬೇಕು. ರಸ್ತೆ ಕೆಲಸವಾದರೆ ಒಮ್ಮೆ ಓಡಾಡಿ ನೋಡಿ ಬರಬಹುದು. ನೀರಿನಡಿಯ ಕೆಸರು ಎಷ್ಟಿದೆ, ನಡುವೆ ಬಂಡೆ ಇದೆಯೇ, ಎತ್ತಿದ್ದನ್ನು ಎಷ್ಟು ದೂರ ಒಯ್ದು ಸುರಿಯಬೇಕು ಎನ್ನುವುದಕ್ಕೆಲ್ಲ ಟೆಂಡರ್ ದಸ್ತಾವೇಜಿನ ಮಾತೇ ಆಧಾರ. ಆ ಮಾತು ಎರಡು ಅರ್ಥ ಕೊಟ್ಟರೆ ದರ ಹಾಕುವ ಮೊದಲು ಕೇಳಿ ತಿಳಿಯಬೇಕು. ಹೀಗೆ ಕೇಳುವುದು ಗುತ್ತಿಗೆದಾರರ ಹಕ್ಕಾಗಿ ಬೆಳೆದು ಬಂದ ದಾರಿ ಸಣ್ಣದಲ್ಲ.

ಅದರ ಒಂದು ಬೇರು ಮುಂಬಯಿಯ ವಿಮಾನ ನಿಲ್ದಾಣದಲ್ಲಿದೆ. 1977ರ ಜನವರಿಯಲ್ಲಿ ಅಲ್ಲಿ ಎರಡನೇ ದರ್ಜೆಯ ಹೋಟೆಲೊಂದನ್ನೂ ಎರಡು ತಿಂಡಿ ಮಳಿಗೆಗಳನ್ನೂ ನಡೆಸಲು ಟೆಂಡರ್ ಕರೆದರು. ಎರಡನೇ ದರ್ಜೆಯ ನೋಂದಾಯಿತ ಹೋಟೆಲ್ ಉದ್ಯಮಿಯಾಗಿ ಕನಿಷ್ಠ ಐದು ವರ್ಷದ ಅನುಭವ ಇರಬೇಕು ಎಂಬುದು ಷರತ್ತು. ಕೆಲಸ ಸಿಕ್ಕಿದ್ದು ಆ ಅನುಭವ ಇಲ್ಲದ, ಆದರೆ ಉಳಿದವರಿಗಿಂತ ಬಹಳ ಹೆಚ್ಚು ಶುಲ್ಕ ಕೊಡಲೊಪ್ಪಿದವರಿಗೆ. ಟೆಂಡರನ್ನೇ ಹಾಕದ ಇನ್ನೊಬ್ಬರು ನ್ಯಾಯಾಲಯಕ್ಕೆ ಹೋದರು. ಷರತ್ತು ಸಡಿಲವಾಗುತ್ತದೆಂದು ಮೊದಲೇ ಗೊತ್ತಿದ್ದರೆ ತಾನೂ ಹಾಕುತ್ತಿದ್ದೆ ಎಂಬುದು ಅವರ ವಾದ. ರಮಣ ದಯಾರಾಮ ಶೆಟ್ಟಿ ಪ್ರಕರಣವೆಂದೇ ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟ್ 1979ರಲ್ಲಿ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಪಿ.ಎನ್. ಭಗವತಿ. ಸರ್ಕಾರಿ ಸಂಸ್ಥೆ ತಾನು ಹಾಕಿದ ಷರತ್ತಿಗೆ ತಾನೂ ಬದ್ಧ, ಒಬ್ಬರಿಗಾಗಿ ಸಡಿಲಿಸಿದರೆ ಸುಮ್ಮನೆ ಹೊರಗುಳಿದ ಇತರರಿಗೆ ಅನ್ಯಾಯವಾಗುತ್ತದೆ ಎಂದು ನ್ಯಾಯಾಲಯ ಒಪ್ಪಿತು. ಆದರೂ ಗುತ್ತಿಗೆಯನ್ನು ರದ್ದು ಮಾಡಲಿಲ್ಲ. ಅರ್ಜಿದಾರರು ತಡವಾಗಿ ಬಂದಿದ್ದರು, ಅಷ್ಟರಲ್ಲಿ ಎದುರು ಪಕ್ಷದವರು ಹಣ ಹೂಡಿಯಾಗಿತ್ತು. ತತ್ತ್ವ ಗೆದ್ದಿತು, ಪರಿಹಾರ ಸಿಗಲಿಲ್ಲ. ಟೆಂಡರ್ ತೆರೆಯುವ ಮುಂಚೆಯೇ ಪ್ರಶ್ನೆ ಎತ್ತುವುದಕ್ಕೆ ಎಷ್ಟು ಬೆಲೆ ಇದೆ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಕರಣ ನನಗೆ ಕಂಡಿಲ್ಲ.

ತಮಿಳುನಾಡು 1998ರಲ್ಲಿ ಟೆಂಡರ್ ಪಾರದರ್ಶಕತೆಗೆ ಕಾನೂನು ಮಾಡಿತು. ಮರುವರ್ಷ ಕರ್ನಾಟಕದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಬಂತು, 2000ದಲ್ಲಿ ಅದರ ನಿಯಮಗಳು ಬಂದವು. ಕಾಮಗಾರಿಗಳಿಗೆ ಕೆಡಬ್ಲ್ಯು ಸರಣಿಯ ಮಾದರಿ ದಸ್ತಾವೇಜುಗಳು ಸಿದ್ಧವಾದವು. ವಿಶ್ವಬ್ಯಾಂಕಿನ ಮಾದರಿಯನ್ನು ಬಹಳಮಟ್ಟಿಗೆ ಹೋಲುವ ಇವುಗಳಲ್ಲಿ, ದೊಡ್ಡ ಕಾಮಗಾರಿಗಳಿಗಿರುವ ಕೆಡಬ್ಲ್ಯು-4 ಹೇಳುವುದಿಷ್ಟು: ಸಂದೇಹವಿದ್ದವರು ಬರೆದು ಕೇಳಬಹುದು; ಕೊನೆಯ ದಿನಕ್ಕೆ 15 ದಿನ ಮುಂಚೆ ತಲುಪಿದ ಪ್ರಶ್ನೆಗೆ ಇಲಾಖೆ ಉತ್ತರಿಸಬೇಕು; ಪ್ರಶ್ನೆಯನ್ನೂ ಉತ್ತರವನ್ನೂ ದಸ್ತಾವೇಜು ಪಡೆದ ಎಲ್ಲರಿಗೂ ಕಳಿಸಬೇಕು, ಕೇಳಿದವರ ಹೆಸರು ಮಾತ್ರ ಹೇಳಬಾರದು. ತಿದ್ದುಪಡಿ ಹೊರಡಿಸಿದರೆ ಅದನ್ನು ಗಮನಕ್ಕೆ ತೆಗೆದುಕೊಂಡು ದರ ಹಾಕಲು ಬೇಕಾದಷ್ಟು ದಿನ ಗಡುವನ್ನೂ ಮುಂದೂಡಬೇಕು. 2007ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಶುರುವಾದ ಮೇಲೆ ಈ ಓಲೆ ವ್ಯವಹಾರ ಪರದೆಗೆ ಬಂತು. ಈಗ ಅದು ಕೆಪಿಪಿಪಿ ಪೋರ್ಟಲಿನಲ್ಲಿ ನಡೆಯುತ್ತದೆ.

ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ನಿರ್ದೇಶಕರ ಕಚೇರಿ ಬಹುಕಾಲ ಬೈತಖೋಲದಲ್ಲೇ ಇತ್ತು. ಹಾಗಾಗಿ ಕಾರವಾರ, ಅಂಕೋಲೆಯ ಗುತ್ತಿಗೆದಾರರಿಗೆ ಈ ಕಾಗದಪತ್ರ ಹೊಸತಲ್ಲ. ಇಲ್ಲಿನ ಹೂಳೆತ್ತುವ ಟೆಂಡರೊಂದನ್ನು ಊಹಿಸಿಕೊಂಡು ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗಷ್ಟೇ. ಕೊನೆಯ ದಿನ ನವೆಂಬರ್ 30. ಎತ್ತಬೇಕಾದ ಹೂಳು ಒಂದು ಲಕ್ಷ ಘನ ಮೀಟರ್. ಷರತ್ತುಗಳ ಭಾಗದಲ್ಲಿ, ಕೆಲಸದ ಮುಂಚೆ ಮತ್ತು ನಂತರ ಆಳ ಅಳೆದು ವ್ಯತ್ಯಾಸಕ್ಕೆ ಹಣ ಕೊಡುತ್ತೇವೆ ಎಂದಿದೆ. ದರಪಟ್ಟಿಯಲ್ಲಿ ಮಾತ್ರ ಬಾರ್ಜಿಗೆ ತುಂಬಿದ ಅಳತೆ ಎಂದಿದೆ. ತಳದಲ್ಲಿ ಗಟ್ಟಿಯಾಗಿ ಕೂತ ಕೆಸರು ಕದಡಿದ ಮೇಲೆ ನೀರು ಸೇರಿ ಉಬ್ಬುತ್ತದೆ. ಉಬ್ಬು ಕಾಲು ಭಾಗವೆಂದು ಹಿಡಿದರೂ, ತಳದ ಒಂದು ಲಕ್ಷ ಬಾರ್ಜಿನಲ್ಲಿ 1.25 ಲಕ್ಷವಾಗುತ್ತದೆ. ಘನ ಮೀಟರಿಗೆ 300 ರೂಪಾಯಿಯಂತೆ ಒಂದು ಅಳತೆಗೆ 3 ಕೋಟಿ, ಇನ್ನೊಂದಕ್ಕೆ 3.75 ಕೋಟಿ. ಒಂದು ಸಾಲಿನ ಗೊಂದಲದಲ್ಲಿ 75 ಲಕ್ಷ ಅಡಗಿದೆ.

ಇದನ್ನು ಎಂಜಿನಿಯರಿಗೆ ಫೋನ್ ಮಾಡಿ ಕೇಳಿದರೆ ಉತ್ತರ ಸಿಗಬಹುದು, ಆದರೆ ಬಿಲ್ಲು ಬರೆಯುವಾಗ ಆ ಮಾತು ಎಲ್ಲೂ ಇರುವುದಿಲ್ಲ. ‘ನಮ್ಮ ದರ ಬಾರ್ಜಿನ ಅಳತೆಗೆ’ ಎಂದು ಟೆಂಡರಿನ ಜೊತೆ ಪತ್ರವಿಟ್ಟರೆ ಅದು ಷರತ್ತುಬದ್ಧ ಟೆಂಡರಾಗಿ ತಿರಸ್ಕಾರವಾಗುತ್ತದೆ. ಪ್ರಶ್ನೆ ನವೆಂಬರ್ 15ರೊಳಗೆ ಬರಹದಲ್ಲೇ ಹೋಗಬೇಕು: ಪುಟ ಇಂಥದು, ಷರತ್ತು ಇಂಥದು, ದರಪಟ್ಟಿಯ ಬಾಬು ಇಂಥದು, ಎರಡರ ಮಾತು ಹೊಂದುತ್ತಿಲ್ಲ, ಹಣ ಪಾವತಿಗೆ ಯಾವ ಅಳತೆ ಅಂತಿಮ? ಅಷ್ಟೇ ಸಾಕು. ನಿಮ್ಮ ದರದ ಲೆಕ್ಕವನ್ನು ಅಲ್ಲಿ ಬಿಚ್ಚಿಡಬೇಡಿ. ಹೆಸರು ಮರೆಯಾದರೂ ಪ್ರಶ್ನೆಯ ಒಕ್ಕಣೆ ಎಲ್ಲರ ಕೈಸೇರುತ್ತದೆ.

ಗೊಂದಲ ಕಂಡರೂ ಬಾಯಿ ಬಿಡದೆ, ಮುಂದೆ ಹೆಚ್ಚುವರಿ ಹಣಕ್ಕೆ ಜಗಳವಾಡಬಹುದೆಂದು ಲೆಕ್ಕ ಹಾಕುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಂದರಿನ ಕೆಲಸ ತಗಾದೆಯಲ್ಲಿ ನಿಂತರೆ ದೋಣಿಗಳು ಅದೇ ಹೂಳಿನಲ್ಲಿ ತಳ ಉಜ್ಜಿಕೊಂಡು ಬರಬೇಕಾಗುತ್ತದೆ.

ಉತ್ತರ ನವೆಂಬರ್ 26ಕ್ಕೆ ಬಂತೆನ್ನಿ: ಆಳದ ಅಳತೆಯೇ ಅಂತಿಮ, ದರಪಟ್ಟಿ ತಿದ್ದಲಾಗಿದೆ. ಉಳಿದದ್ದು ನಾಲ್ಕು ದಿನ. ಈಗ ಕಾಲಾವಕಾಶ ಕೇಳಬೇಕು. ಕೇಳುವ ರೀತಿಯಲ್ಲೇ ಅರ್ಧ ಫಲವಿದೆ. ‘ನಮಗೆ ಸಮಯ ಸಾಲದು’ ಎಂದರೆ ಇಲಾಖೆಗೆ ಅದು ನಿಮ್ಮ ತಾಪತ್ರಯ. ‘26ರ ತಿದ್ದುಪಡಿಯಿಂದ ಮುಖ್ಯ ಬಾಬಿನ ಅಳತೆಯೇ ಬದಲಾಗಿದೆ, ಡ್ರೆಡ್ಜರ್ ಮಾಲೀಕರಿಂದ ಬಾಡಿಗೆ ದರವನ್ನು ಹೊಸದಾಗಿ ತರಿಸಬೇಕು, ಅದಕ್ಕೆ 10 ದಿನ ಬೇಕು’ ಎಂದರೆ ಮಾದರಿ ದಸ್ತಾವೇಜಿನ ಗಡುವು ಮುಂದೂಡುವ ಷರತ್ತೇ ನಿಮ್ಮ ಪರ ನಿಲ್ಲುತ್ತದೆ. ಬೇಕಾದಷ್ಟೇ ಕೇಳಬೇಕು, ಏಕೆಂದರೆ ಇಲಾಖೆಗೂ ಇಲ್ಲಿ ಕಡಲಿನ ಪಂಚಾಂಗವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಂದರು ಬಿಡುವಾಗಿರುವ ಆ ಹೊತ್ತಿಗೆ ಮುಂಗಾರಿನ ಅಬ್ಬರದಲ್ಲಿ ಡ್ರೆಡ್ಜರ್ ನಿಲ್ಲುವುದೇ ಕಷ್ಟ. ಕೆಲಸ ಮೇ ಒಳಗೇ ಮುಗಿಯಬೇಕು, ಅದೂ ದೋಣಿಗಳ ಓಡಾಟದ ನಡುವೆ. ನವೆಂಬರಿನಲ್ಲಿ ಕೊಟ್ಟ ಪ್ರತಿ ವಾರವೂ ಆ ಅವಧಿಯಿಂದಲೇ ಕಡಿತ.

ಉತ್ತರವೇ ಬರದಿದ್ದರೆ ಇನ್ನೊಮ್ಮೆ ಬರೆದು, ತಮಗೆ ನಷ್ಟವಾಗುವ ಅರ್ಥವನ್ನೇ ಹಿಡಿದು ದರ ಹಾಕುವುದು, ಇಲ್ಲವೇ ಆ ಟೆಂಡರನ್ನು ಬಿಡುವುದು. ಬೇರೆ ದಾರಿ ಇಲ್ಲ.

ಗಡುವು ಡಿಸೆಂಬರ್ 10ಕ್ಕೆ ಹೋಯಿತೆನ್ನಿ. ಇಲ್ಲಿ ಅನುಭವಿಗಳೂ ಎಡವುವುದು ಬ್ಯಾಂಕ್ ಗ್ಯಾರಂಟಿಯಲ್ಲಿ. ಟೆಂಡರಿನ ಸಿಂಧುತ್ವ ಕೊನೆಯ ದಿನದಿಂದ 90 ದಿನ, ಇಎಂಡಿಯ ಗ್ಯಾರಂಟಿ ಅದರಾಚೆ 45 ದಿನ ಎಂದಿದ್ದರೆ ಒಟ್ಟು 135 ದಿನ. ನವೆಂಬರ್ 30ರಿಂದ ಎಣಿಸಿ ಮಾಡಿಸಿಟ್ಟ ಗ್ಯಾರಂಟಿ ಏಪ್ರಿಲ್ 14ಕ್ಕೆ ಮುಗಿಯುತ್ತದೆ. ಹೊಸ ಲೆಕ್ಕಕ್ಕೆ ಏಪ್ರಿಲ್ 24 ಬೇಕು. ಕೇಳಿ ಪಡೆದ ಹತ್ತು ದಿನವೇ ಗ್ಯಾರಂಟಿಯಲ್ಲಿ ಹತ್ತು ದಿನದ ಕೊರತೆಯಾಗಿ, ತಾಂತ್ರಿಕ ಲಕೋಟೆಯ ಹಂತದಲ್ಲೇ ಟೆಂಡರ್ ಹೊರಬೀಳುತ್ತದೆ. ತಿದ್ದುಪಡಿ ಪ್ರಕಟವಾದ ದಿನವೇ ಬ್ಯಾಂಕಿಗೆ ಹೋಗಿ ಗ್ಯಾರಂಟಿಯ ಅವಧಿ ವಿಸ್ತರಿಸಿಕೊಂಡು, ಹಳೆಯ ಪ್ರತಿಯ ಜೊತೆ ಆ ಪತ್ರವನ್ನೂ ಪೋರ್ಟಲಿಗೆ ಏರಿಸಬೇಕು.