ಮರಳಿ ಬಂದ ರೀಫಂಡ್ ಅರ್ಜಿ: ತಪ್ಪು ಆರು ಅಕ್ಷರದ್ದು

ಪೀಣ್ಯದ ಒಂದು ಸಣ್ಣ ಕಾರ್ಖಾನೆ ಯಂತ್ರದ ಬಿಡಿಭಾಗಗಳನ್ನು ಹೊರದೇಶಕ್ಕೆ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಎಲ್‌ಯುಟಿ ಕೊಟ್ಟು, ತೆರಿಗೆ ಕಟ್ಟದೆ ರಫ್ತು ಮಾಡುವುದು ಅವರ ಪದ್ಧತಿ. ಕಚ್ಚಾ ಮಾಲಿಗೆ ಕಟ್ಟಿದ ಜಿಎಸ್‌ಟಿ ಕ್ರೆಡಿಟ್ ಲೆಡ್ಜರ್‌ನಲ್ಲಿ ಉಳಿದಿರುತ್ತದೆ. ಅದನ್ನು ಮರಳಿ ಪಡೆಯಲು 2025ರ ಫೆಬ್ರವರಿ 3ರಂದು ಆರ್‌ಎಫ್‌ಡಿ-01 ಅರ್ಜಿ ಹಾಕಿದರು. ಫೆಬ್ರವರಿ 14ಕ್ಕೆ ಆರ್‌ಎಫ್‌ಡಿ-03 ಬಂತು. ಡೆಫಿಷಿಯನ್ಸಿ ಮೆಮೊ ಅನ್ನುವುದು ಇದನ್ನೇ. ಕಾರಣ ಒಂದೇ ಸಾಲು: ಶಿಪ್ಪಿಂಗ್ ಬಿಲ್ ವಿವರ ಹೊಂದುತ್ತಿಲ್ಲ.

ಹುಡುಕಿದಾಗ ತಪ್ಪು ಸಿಕ್ಕಿತು. ಕಂಟೇನರ್ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋದಲ್ಲಿ ಕಸ್ಟಮ್ಸ್ ಮುಗಿಸಿಕೊಂಡು, ಚೆನ್ನೈಗೆ ಹೋಗಿ ಹಡಗು ಹತ್ತಿತ್ತು. ಶಿಪ್ಪಿಂಗ್ ಬಿಲ್ ಹುಟ್ಟಿದ್ದು ವೈಟ್‌ಫೀಲ್ಡ್‌ನಲ್ಲಿ, ಹಾಗಾಗಿ ಅದರ ಪೋರ್ಟ್ ಕೋಡ್ INWFD6. ಲೆಕ್ಕ ಬರೆಯುವವರು ಹಡಗು ಹೊರಟ ಊರನ್ನು ನೋಡಿ INMAA1 ಎಂದು ತುಂಬಿದ್ದರು. ಅಧಿಕಾರಿ ಐಸ್‌ಗೇಟ್ ಜಾಲತಾಣದಲ್ಲಿ ಪೋರ್ಟ್, ಬಿಲ್ ಸಂಖ್ಯೆ, ದಿನಾಂಕ ಮೂರನ್ನೂ ಒಟ್ಟಿಗೆ ಹಾಕಿ ನೋಡುತ್ತಾರೆ. ಚೆನ್ನೈ ಕೋಡ್ ಹಾಕಿದರೆ ಆ ಬಿಲ್ ಸಿಗುವುದಿಲ್ಲ. ಮಾಲು ಹೋಗಿದ್ದರೂ ಕಾಗದದಲ್ಲಿ ಹೋಗಿಲ್ಲ.

ಮೆಮೊ ಕಂಡ ಕೂಡಲೇ ಬಹಳ ಮಂದಿ ವಿವರಣೆಯ ಪತ್ರ ಬರೆದು ಕಚೇರಿಗೆ ಕೊಡುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಉತ್ತರ ಕೇಳುವ ನೋಟಿಸ್ ಬೇರೆ, ಅದು ಆರ್‌ಎಫ್‌ಡಿ-08. ಅದಕ್ಕೆ 15 ದಿನದೊಳಗೆ ಆರ್‌ಎಫ್‌ಡಿ-09ರಲ್ಲಿ ಉತ್ತರ ಕೊಡಬೇಕು. ಆರ್‌ಎಫ್‌ಡಿ-03 ಬಂದರೆ ಹಳೆಯ ಅರ್ಜಿಯ ಕಥೆ ಅಲ್ಲಿಗೆ ಮುಗಿಯಿತು. ಹಾಗೆಂದು ಅದು ತಿರಸ್ಕಾರವೂ ಅಲ್ಲ. ತಪ್ಪು ತಿದ್ದಿ ಹೊಸ ಅರ್ಜಿಯನ್ನೇ ಹಾಕಬೇಕು.

ತಿದ್ದುವ ಮೊದಲು ತಪ್ಪು ಎಲ್ಲಿದೆ ಎಂದು ನೋಡಿ. ಅರ್ಜಿಯ ಜೊತೆ ಕೊಡುವ ಸ್ಟೇಟ್‌ಮೆಂಟ್ 3ರಲ್ಲಿ ಮಾತ್ರ ಇದ್ದರೆ ಹೊಸದರಲ್ಲಿ ಸರಿಯಾಗಿ ತುಂಬಿದರೆ ಸಾಕು. ಜಿಎಸ್‌ಟಿಆರ್-1ರ 6ಎ ಕೋಷ್ಟಕದಲ್ಲೂ ಅದೇ ತಪ್ಪಿದ್ದರೆ ಮುಂದಿನ ಜಿಎಸ್‌ಟಿಆರ್-1ರ 9ಎನಲ್ಲಿ ತಿದ್ದುಪಡಿ ಮಾಡಿ, ಆಮೇಲೆ ಅರ್ಜಿ ಹಾಕಿ. ಆ ತಿದ್ದುಪಡಿಗೆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಕೊನೆ. ಆ ವರ್ಷದ ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದ್ದರೆ ಬಾಗಿಲು ಅಂದೇ ಮುಚ್ಚುತ್ತದೆ. ಶಿಪ್ಪಿಂಗ್ ಬಿಲ್‌ನಲ್ಲೇ ತಪ್ಪಿದ್ದರೆ ಜಿಎಸ್‌ಟಿ ಕಚೇರಿಯಲ್ಲಿ ಕೆಲಸವಾಗದು. ಕಸ್ಟಮ್ಸ್ ಕಾಯ್ದೆಯ 149ನೇ ಕಲಮಿನಡಿ ಅಲ್ಲಿಯೇ ತಿದ್ದಿಸಬೇಕು. ಹಡಗು ಹೊರಟದ್ದಕ್ಕೆ ಸಾಕ್ಷಿಯಾದ ಇಜಿಎಂನಲ್ಲಿ ಲೋಪವಿದ್ದರೆ ನಿಮ್ಮ ಕಸ್ಟಮ್ಸ್ ಬ್ರೋಕರ್ ಮೂಲಕ ಹಡಗು ಕಂಪನಿಯ ಬೆನ್ನು ಹತ್ತಬೇಕು. ನಿಧಾನವಾಗುವುದು ಇಲ್ಲೇ.

ಇನ್ನು ಮೊತ್ತದ ಮಾತು. ಇನ್‌ವಾಯ್ಸ್‌ನಲ್ಲಿ ಸಾಗಣೆ, ವಿಮೆ ಸೇರಿ 32 ಲಕ್ಷ ರೂಪಾಯಿ, ಶಿಪ್ಪಿಂಗ್ ಬಿಲ್‌ನ ಎಫ್‌ಒಬಿ 30 ಲಕ್ಷ. ಇದು ಸಹಜ ವ್ಯತ್ಯಾಸ, ತಪ್ಪಲ್ಲ. 2022ರ ಜುಲೈನಿಂದ ನಿಯಮ 89(4)ರ ಪ್ರಕಾರ ಎರಡರಲ್ಲಿ ಕಡಿಮೆಯದನ್ನೇ ಹಿಡಿಯಬೇಕು. ಅದೇ ಅವಧಿಯಲ್ಲಿ ದೇಶದೊಳಗಿನ ಮಾರಾಟ 20 ಲಕ್ಷ, ಕ್ರೆಡಿಟ್ 5.20 ಲಕ್ಷ ಇದ್ದರೆ ಲೆಕ್ಕ ಹೀಗೆ:

30 ÷ (30 + 20) × 5.20 = 3.12 ಲಕ್ಷ

32 ಲಕ್ಷ ಹಿಡಿದಿದ್ದರೆ 3.20 ಲಕ್ಷ ಬರುತ್ತಿತ್ತು. ಆ 8,000 ರೂಪಾಯಿಗೆ ಹೋರಾಡುವುದು ವ್ಯರ್ಥ. ಮೊದಲೇ ಎಫ್‌ಒಬಿ ಹಾಕಿ ಅರ್ಜಿ ಕೊಡುವುದು ಜಾಣತನ.

ಮೆಮೊ ಬಂದಾಗ ಅರ್ಜಿಗೆಂದು ಕಡಿತವಾಗಿದ್ದ ಮೊತ್ತ ಕ್ರೆಡಿಟ್ ಲೆಡ್ಜರ್‌ಗೆ ವಾಪಸ್ ಬೀಳುತ್ತದೆ. ಅಪಾಯ ಇರುವುದು ಇಲ್ಲಿ. ಹಣ ಕಂಡಿತಲ್ಲ ಎಂದು ಆ ತಿಂಗಳ 3ಬಿ ರಿಟರ್ನ್‌ನಲ್ಲಿ ದೇಶೀಯ ತೆರಿಗೆಗೆ ಅದನ್ನು ಹೊಂದಿಸಿಬಿಟ್ಟರೆ, ಹೊಸ ಅರ್ಜಿಗೆ ಅಷ್ಟು ಕಡಿಮೆ. ಸೂತ್ರದಿಂದ ಬಂದ ಮೊತ್ತ, ಆ ಅವಧಿಯ ಕೊನೆಯಲ್ಲಿದ್ದ ಬಾಕಿ, ಅರ್ಜಿ ಹಾಕುವ ದಿನದ ಬಾಕಿ, ಈ ಮೂರರಲ್ಲಿ ಚಿಕ್ಕದಷ್ಟೇ ಸಿಗುತ್ತದೆ.

ಅವಧಿಯ ಲೆಕ್ಕ ಹಡಗು ದೇಶ ಬಿಟ್ಟ ದಿನದಿಂದ ಎರಡು ವರ್ಷ. ಇನ್‌ವಾಯ್ಸ್ ದಿನಾಂಕದಿಂದ ಅಲ್ಲ. ಪೀಣ್ಯದವರ ಹಡಗು 2024ರ ಜುಲೈ 12ರಂದು ಹೊರಟಿತ್ತು, ಗಡುವು 2026ರ ಜುಲೈ 12. ಮೊದಲ ಅರ್ಜಿ ಹಾಕಿದ ದಿನದಿಂದ ಮೆಮೊ ಬಂದ ದಿನದವರೆಗಿನ ಸಮಯವನ್ನು ಎರಡು ವರ್ಷದ ಎಣಿಕೆಯಿಂದ ಹೊರಗಿಡುತ್ತಾರೆ. 2021ರ ಮೇ ತಿಂಗಳಲ್ಲಿ ಬಂದ ಅನುಕೂಲ ಇದು. ಇವರಿಗೆ ಹನ್ನೊಂದು ದಿನ ಹೆಚ್ಚು ಸಿಕ್ಕಿತು. ಮೆಮೊ ಬಂದ ಮೇಲೆ ಸುಮ್ಮನೆ ಕುಳಿತ ದಿನಗಳು ಮಾತ್ರ ನಿಮ್ಮ ಲೆಕ್ಕಕ್ಕೇ. ತಡವಾದ ರೀಫಂಡ್‌ಗೆ ಬಡ್ಡಿ ಸಿಗಬೇಕಾದ 60 ದಿನದ ಎಣಿಕೆಯೂ ಹೊಸ ಅರ್ಜಿಯಿಂದಲೇ ಶುರು.

ಹೊಸ ಅರ್ಜಿ ಒತ್ತುವ ಮುನ್ನ ಪ್ರತಿ ಬಿಲ್‌ನ ಸಂಖ್ಯೆ, ದಿನಾಂಕ, ಪೋರ್ಟ್ ಕೋಡನ್ನು ನೀವೇ ಐಸ್‌ಗೇಟ್‌ನಲ್ಲಿ ಹಾಕಿ ನೋಡಿ. ಅಲ್ಲಿ ನಿಮಗೆ ಸಿಗದ ಬಿಲ್ ಅಧಿಕಾರಿಗೂ ಸಿಗುವುದಿಲ್ಲ.